‘ಕೊಡಾಕ ನೋಡ್ತೇವಿ’ ಅನ್ನುವುದು ‘ಕೊಡಲಾಗುವುದು’ ಆದಾಗ

ಪ್ರಶ್ನೆ: ನಾನು ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮಾಲೀಕರು ಬಾಯಲ್ಲಿ ಹೇಳಿದ್ದನ್ನು ಚಂದ ಮಾಡಿ ಪತ್ರ ಬರೆಯುವುದು ನನ್ನ ಕೆಲಸ. ಹಾವೇರಿ ಕಡೆಯ ಒಂದು ಸಹಕಾರಿ ಸಂಘದ 3000 ಕ್ಯಾಲೆಂಡರ್ ಆರ್ಡರ್ ಇತ್ತು. “ಡಿಸೆಂಬರ್ ಇಪ್ಪತ್ತರೊಳಗ ಕೊಡಾಕ ನೋಡ್ತೇವಿ, ಪೇಪರ್ ಬಂದ್ರ, ಅಂತ ಬರಿ” ಅಂದರು. ನಾನು “ಡಿಸೆಂಬರ್ 20ರೊಳಗೆ ತಲುಪಿಸಲಾಗುವುದು” ಅಂತ ಬರೆದೆ. ಪ್ರೂಫ್ ಓಕೆ ಆಗಿ ಬಂದಿದ್ದೇ 11ಕ್ಕೆ. ಕಾಗದವೂ ಅವತ್ತೇ ಸಂಜೆ ಬಂತು. ನಮಗೆ ಒಂಬತ್ತು ಕೆಲಸದ ದಿನ ಬೇಕು. ಮಾಲು ಮುಟ್ಟಿದ್ದು 24ಕ್ಕೆ. ಈಗ ಸಂಘದವರು ಬಿಲ್ಲಿನಲ್ಲಿ ಹಣ ಹಿಡಿಯುತ್ತೇವೆ ಅಂತಿದ್ದಾರೆ. ಮಾಲೀಕರು ನನ್ನ ಮೇಲೆ ಸಿಟ್ಟಾಗಿದ್ದಾರೆ. “ಪ್ರಯತ್ನಿಸುತ್ತೇವೆ” ಅಂತ ಬರೆದರೆ ಪತ್ರ ಹಗುರ ಕಾಣುತ್ತೆ ಅಲ್ವಾ? ಹೇಗೆ ಬರೆಯಬೇಕಿತ್ತು?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೌದು, ಬರೀ “ಪ್ರಯತ್ನಿಸುತ್ತೇವೆ” ಹಗುರವೇ. ಅದನ್ನು ತಿದ್ದಬೇಕು ಅಂತ ನಿಮಗೆ ಅನ್ನಿಸಿದ್ದು ಸರಿ. ಆದರೆ ನೀವು ತಿದ್ದಲಿಲ್ಲ, ಕತ್ತರಿಸಿದಿರಿ. ಮಾಲೀಕರ ಮಾತಿನಲ್ಲಿ ಮೂರು ಸಂಗತಿ ಇದ್ದವು: ಒಂದು ತಾರೀಖು, ಒಂದು ಅನುಮಾನ, ಆ ಅನುಮಾನಕ್ಕೆ ಒಂದು ಕಾರಣ. ಪತ್ರಕ್ಕೆ ಬಂದಿದ್ದು ತಾರೀಖು ಮಾತ್ರ.

ಇದು ನಿಮ್ಮೊಬ್ಬರಿಗೇ ಆಗಿದ್ದಲ್ಲ. ಕನ್ನಡದಲ್ಲಿ ಮಾತಿನ ತೂಕವೆಲ್ಲ ವಾಕ್ಯದ ಬಾಲದಲ್ಲಿ ಇರುತ್ತದೆ. “ಇಪ್ಪತ್ತರೊಳಗೆ ಕೊಡ...” ಅನ್ನುವವರೆಗೆ ಇನ್ನೂ ಏನೂ ಹೇಳಿದಂತಾಗಿಲ್ಲ. ಆಮೇಲೆ ಬರುವುದು ‘ತ್ತೇವೆ’ಯೋ, ‘ಬಹುದು’ವೋ, ‘ಲು ನೋಡುತ್ತೇವೆ’ಯೋ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಆಡುಮಾತನ್ನು ಬರಹಕ್ಕೆ ತರುವಾಗ ನಾವು ಮೊದಲು ಕೈ ಹಾಕುವುದೂ ಈ ಬಾಲಕ್ಕೇ. ‘ಕೊಡಾಕ’ ಹಳ್ಳಿ ಮಾತು ಅನ್ನಿಸುತ್ತದೆ, ‘ನೋಡ್ತೇವಿ’ ಸಡಿಲ ಅನ್ನಿಸುತ್ತದೆ. ಎರಡನ್ನೂ ತೆಗೆದು ‘ಲಾಗುವುದು’ ಅಂಟಿಸಿದರೆ ವಾಕ್ಯ ಸರ್ಕಾರಿ ಕಾಗದದ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ವಾಕ್ಯ ಗಟ್ಟಿ ಆಗಲಿ ಅಂತ ಮಾಡಿದ್ದು. ಅದರ ಜೊತೆ ಮಾತೂ ಗಟ್ಟಿಯಾಗಿಬಿಟ್ಟಿತು.

ನನಗೂ ಇದು ಹೀಗೇ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ಆಫೀಸಿನಲ್ಲಿ ನಾನು ಹೊಸಬ. ಮ್ಯಾನೇಜರ್ “ಟೆಸ್ಟಿಂಗ್ ಪಾಸ್ ಆದ್ರ ಶುಕ್ರವಾರ ಕಳಸೋಣು” ಅಂದರು. ನಾನು “ಶುಕ್ರವಾರ ರವಾನಿಸಲಾಗುವುದು” ಅಂತ ಟೈಪ್ ಮಾಡಿದೆ. ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡುವಾಗ ಒಂದು ವಾಲ್ವಿನ ಸೀಟಿನಲ್ಲಿ ಸೋರಿಕೆ ಕಂಡಿತು. ಅದನ್ನು ಮತ್ತೆ ಉಜ್ಜಿ ಕೂರಿಸುವಷ್ಟರಲ್ಲಿ ಮಂಗಳವಾರ. ಅಷ್ಟರಲ್ಲಿ ಆ ಕಡೆಯವರು ನನ್ನ ಪತ್ರ ನಂಬಿ ವಾಲ್ವ್ ಇಳಿಸಲು ಶನಿವಾರಕ್ಕೆ ಕ್ರೇನ್ ಹೇಳಿದ್ದರು. ಖಾಲಿ ನಿಂತ ಕ್ರೇನಿನ ಬಾಡಿಗೆ ನಮ್ಮ ಲೆಕ್ಕಕ್ಕೆ ಬಂತು. ಪತ್ರ ಓದುವವರು ಪದಗಳನ್ನು ಮೆಚ್ಚಿಕೊಂಡು ಕೂರುವುದಿಲ್ಲ, ತಾರೀಖು ಹಿಡಿದು ಮುಂದಿನ ಕೆಲಸ ಜೋಡಿಸುತ್ತಾರೆ. ನಿಮ್ಮ ಸಂಘದವರೂ 20ಕ್ಕೆ ಬರುತ್ತದೆ ಅಂತ ಹಂಚುವ ದಿನ ಗೊತ್ತು ಮಾಡಿಕೊಂಡಿರಬಹುದು.

ಹಾಗಾದರೆ ತಿದ್ದುವುದು ಹೇಗೆ? ‘ನೋಡ್ತೇವಿ’ ಅನ್ನುವ ಪದಕ್ಕೆ ಬದಲಿ ಪದ ಹುಡುಕಬೇಡಿ. ಅದನ್ನು ಹೇಳಿದವರು ಯಾಕೆ ಹಾಗೆ ಹೇಳಿದರು ಅಂತ ಹುಡುಕಿ. ಯಾಕೆಂದರೆ ನಮ್ಮ ಕಡೆ ‘ನೋಡು’ ಒಂದೇ ಮಾತಲ್ಲ. “ಕೊಡಾಕ ನೋಡ್ತೇವಿ” ಅಂದರೆ ಕೆಲಸಕ್ಕೆ ಕೈ ಹಾಕಿದ್ದೇವೆ, ಮುಗಿಯುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ ಅಂತ. “ಪೇಪರ್ ಬಂದ್ರ ಕೊಡ್ತೇವಿ” ಅಂದರೆ ಕೊಡುವುದು ಖರೆ, ಆದರೆ ಒಂದು ಷರತ್ತಿದೆ ಅಂತ. “ನೋಡೋಣ ತಗೋರಿ” ಅಂದರೆ ಬಹಳ ಸಲ ಆಗುವುದಿಲ್ಲ ಅಂತಲೇ ಅರ್ಥ, ಮುಖಕ್ಕೆ ಹೊಡೆದ ಹಾಗೆ ಹೇಳಬಾರದು ಅಂತ ಅಷ್ಟೇ. ಈ ಮೂರನ್ನೂ ತಂದು “ಪ್ರಯತ್ನಿಸಲಾಗುವುದು” ಅನ್ನುವ ಒಂದೇ ಡಬ್ಬಿಗೆ ಹಾಕಿದರೆ ಓದುವವರಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಬರೆಯುವ ಮುಂಚೆ ಮಾಲೀಕರನ್ನು ಕೇಳಲೇಬೇಕು. ಏನು ಅಡ್ಡ ಬರಬಹುದು? ಅದು ಅಡ್ಡ ಬರುತ್ತೋ ಇಲ್ಲವೋ ಅಂತ ನಮಗೆ ಯಾವತ್ತು ಗೊತ್ತಾಗುತ್ತದೆ? ಬಂದರೆ ಎಷ್ಟು ದಿನ ಹಿಂದೆ ಹೋಗುತ್ತದೆ? ಎರಡು ನಿಮಿಷದ ಮಾತು. ಗಡಿಬಿಡಿಯಲ್ಲಿದ್ದಾಗ ಮಾಲೀಕರು ಗದರಬಹುದು. ಆದರೂ ಕೇಳಿ. ಈಗಿನ ಸಿಟ್ಟಿಗಿಂತ ಅದು ಕಡಿಮೆಯೇ ಇರುತ್ತದೆ.

ನಿಮ್ಮ ಕೆಲಸವನ್ನೇ ಹಿಡಿದು ಲೆಕ್ಕ ಹಾಕೋಣ. 20ನೇ ತಾರೀಖು ಶನಿವಾರ. ಅವತ್ತು ಮಾಲು ಮುಟ್ಟಬೇಕಾದರೆ ಶುಕ್ರವಾರ 19ಕ್ಕೆ ಗಾಡಿಗೆ ಹಾಕಬೇಕು. ಅಂದರೆ ಗುರುವಾರ 18ರ ಸಂಜೆಗೆ ಪ್ಯಾಕಿಂಗ್ ಮುಗಿದಿರಬೇಕು. ಅಲ್ಲಿಂದ ಹಿಂದಕ್ಕೆ ಒಂಬತ್ತು ಕೆಲಸದ ದಿನ ಎಣಿಸಿ, ನಡುವೆ 14ರ ಭಾನುವಾರ ಬಿಡಿ. ಮಂಗಳವಾರ 9ಕ್ಕೆ ಬಂದು ನಿಲ್ಲುತ್ತೀರಿ. ಪ್ಲೇಟ್ ಮಾಡುವುದು, ಪ್ರಿಂಟ್ ಮಾಡುವುದು, ಇಂಕು ಒಣಗಿಸುವುದು, ಕಟಿಂಗ್, ಹಾಳೆ ಜೋಡಿಸಿ ತಗಡಿನ ಪಟ್ಟಿ ಹೊಡೆಯುವುದು, ಕಟ್ಟು ಕಟ್ಟುವುದು, ಎಲ್ಲಾ ಈ ಒಂಬತ್ತು ದಿನದಲ್ಲಿ ಬಂತು. ಹಾಗಾಗಿ ಸೋಮವಾರ 8ರ ಸಂಜೆಗೆ ಎರಡು ವಸ್ತು ನಿಮ್ಮ ಪ್ರೆಸ್ಸಿನಲ್ಲಿ ಇರಬೇಕು. ಒಂದು ಕಾಗದ. ಇನ್ನೊಂದು ಸಂಘದವರು ನೋಡಿ ಸಹಿ ಹಾಕಿದ ಪ್ರೂಫ್.

ಇಲ್ಲಿ ಒಂದು ವಿಷಯ ಗಮನಿಸಿ. ಮಾಲೀಕರು ಕಾಗದದ ಮಾತು ಮಾತ್ರ ಆಡಿದರು. ಪ್ರೂಫಿನ ಮಾತು ಅವರ ಬಾಯಲ್ಲೂ ಬರಲಿಲ್ಲ. ಪ್ರೆಸ್ಸಿನವರಿಗೆ ಅದು ಹೇಳಬೇಕಾದ ಸಂಗತಿ ಅಂತ ಅನ್ನಿಸುವುದೇ ಇಲ್ಲ. ಪ್ರೂಫ್ ಓಕೆ ಆಗದೆ ಪ್ಲೇಟ್ ಹೇಗೆ ಮಾಡುತ್ತಾರೆ? ಆದರೆ ಸಂಘದ ಕಾರ್ಯದರ್ಶಿಗೆ ಅದು ಗೊತ್ತಿರಬೇಕಿಲ್ಲ. ಅಧ್ಯಕ್ಷರ ಫೋಟೋ ಯಾವುದು ಹಾಕಬೇಕು ಅಂತ ಅವರಲ್ಲಿ ನಾಲ್ಕು ದಿನ ಚರ್ಚೆ ನಡೆದರೆ, ಅಷ್ಟು ದಿನ ಕ್ಯಾಲೆಂಡರೂ ಹಿಂದೆ ಹೋಗುತ್ತದೆ ಅಂತ ಯಾರೂ ಅವರಿಗೆ ಹೇಳಿಲ್ಲ. ನೀವು ಲೆಕ್ಕ ಹಾಕಿದ್ದರೆ ಈ ಎರಡನೇ ಷರತ್ತು ತಾನಾಗಿ ಎದ್ದು ಬರುತ್ತಿತ್ತು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“3000 ಕ್ಯಾಲೆಂಡರ್‌ಗಳನ್ನು ಡಿಸೆಂಬರ್ 20, ಶನಿವಾರ ನಿಮ್ಮ ಕಚೇರಿಗೆ ತಲುಪಿಸುವ ಲೆಕ್ಕದಲ್ಲಿ ಕೆಲಸ ಹಾಕಿಕೊಂಡಿದ್ದೇವೆ. ಇದಕ್ಕೆ ನೀವು ನೋಡಿ ಸಹಿ ಮಾಡಿದ ಪ್ರೂಫ್ ಡಿಸೆಂಬರ್ 8, ಸೋಮವಾರ ಸಂಜೆಯೊಳಗೆ ನಮಗೆ ಬರಬೇಕು. ಕಾಗದವೂ ಅಷ್ಟರಲ್ಲಿ ಬಂದೀತು ಎಂಬ ಅಂದಾಜಿದೆ. ಇವೆರಡರಲ್ಲಿ ಯಾವುದು ಕೊನೆಗೆ ಬರುತ್ತದೆಯೋ, ಅದರ ಮರುದಿನದಿಂದ ನಮಗೆ ಒಂಬತ್ತು ಕೆಲಸದ ದಿನ ಬೇಕು. ಸಾಗಣೆಗೆ ಮತ್ತೆ ಎರಡು ದಿನ. ಕಾಗದ ಬಂತೋ ಇಲ್ಲವೋ ಎಂಬುದನ್ನು 8ರ ಸಂಜೆ ನಾವೇ ಫೋನ್ ಮಾಡಿ ತಿಳಿಸುತ್ತೇವೆ.”

ಇದರಲ್ಲಿ ‘ಪ್ರಯತ್ನ’ ಅನ್ನುವ ಪದ ಒಂದು ಸಲವೂ ಇಲ್ಲ. ಆದರೂ ಮಾಲೀಕರು ಹೇಳಿದ್ದಕ್ಕಿಂತ ಜಾಸ್ತಿ ಮಾತು ಕೊಟ್ಟಿಲ್ಲ. ಹಗುರವಾಗಿಯೂ ಕಾಣುವುದಿಲ್ಲ, ಅಲ್ವಾ? ಕಾರಣ ಕೊನೆಯ ವಾಕ್ಯ. ಅಲ್ಲಿ ‘ತಿಳಿಸುತ್ತೇವೆ’ ಅಂತ ಸೀದಾ ಮಾತು ಕೊಟ್ಟಿದ್ದೇನೆ, ಯಾಕೆಂದರೆ ಫೋನ್ ಮಾಡುವುದು ಪೂರ್ತಿ ನಮ್ಮ ಕೈಯಲ್ಲಿದೆ. ಗಟ್ಟಿತನವನ್ನು ಪತ್ರದಿಂದ ತೆಗೆದಿಲ್ಲ, ಕೈಯಲ್ಲಿರುವ ಕೆಲಸದ ಮೇಲೆ ಇಟ್ಟಿದ್ದೇನೆ. ಈ ಪತ್ರ ಹೋಗಿದ್ದರೆ, ಪ್ರೂಫ್ 11ಕ್ಕೆ ಬಂದಾಗ ಸಂಘದವರೇ ಎಣಿಸಿಕೊಳ್ಳಬಹುದಿತ್ತು. 12ರಿಂದ ಶುರು, ನಡುವೆ ಎರಡು ಭಾನುವಾರ, 22ಕ್ಕೆ ಮುಗಿಯಿತು, ಎರಡು ದಿನ ಸಾಗಣೆ, 24. ನಿಮ್ಮ ಮಾಲು ಮುಟ್ಟಿದ್ದೂ ಅವತ್ತೇ. ನಿಮ್ಮ ಪ್ರೆಸ್ ಒಂದು ದಿನವೂ ಸೋಮಾರಿತನ ಮಾಡಿಲ್ಲ. ಆದರೆ ನಿಮ್ಮ ಪತ್ರದ ಪ್ರಕಾರ ನಾಲ್ಕು ದಿನ ತಡ.

‘ಬಂದೀತು’ ಅಂತ ಬರೆದಿದ್ದು ನೋಡಿ ನಿಮಗೆ ಕೈ ಕಡಿದಿರಬಹುದು, ‘ಬರುತ್ತದೆ’ ಅಂತ ತಿದ್ದೋಣ ಅಂತ. ಬೇಡ. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಓದಿದ್ದು ಇದೇ. ಬಂದೀತು, ಮುಗಿದೀತು, ಕೊಟ್ಟಾನು, ಕೊಟ್ಟೇವು. ಆಗುವ ಸಂಭವ ಇದೆ, ಆದರೆ ಖಾತ್ರಿ ಹೇಳುತ್ತಿಲ್ಲ ಅನ್ನುವುದನ್ನು ಒಂದೇ ಪದದಲ್ಲಿ ಹೇಳುವ ರೂಪ. ಧಾರವಾಡ, ಗದಗ, ಹಾವೇರಿ ಕಡೆ ಇದು ದಿನದ ಮಾತಿನಲ್ಲಿ ಇನ್ನೂ ಬದುಕಿದೆ. “ಮಳಿ ಬಂದೀತು, ಛತ್ರಿ ತಗೊ” ಅನ್ನುತ್ತೇವೆ. ಆಫೀಸಿನ ಪತ್ರಗಳಿಂದ ಮಾತ್ರ ಯಾಕೋ ಓಡಿಸಿಬಿಟ್ಟಿದ್ದೇವೆ. ‘ಬರುತ್ತದೆ’ಗೆ ಈ ಅನುಕೂಲ ಇಲ್ಲ. ಅದು ದಿನಾ ಬರುವುದಕ್ಕೂ ಅದೇ, ನಾಳೆ ಬರುವುದಕ್ಕೂ ಅದೇ, ಬಂದೇ ಬರುತ್ತದೆ ಅನ್ನುವುದಕ್ಕೂ ಅದೇ. ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ಕಡೆ ‘ಕಳಸೇವಿ’ ಅಂದರೆ ಕಳಿಸಿ ಆಗಿದೆ ಅಂತ, ‘ಕಳಿಸೇವು’ ಅಂದರೆ ಕಳಿಸಬಹುದು ಅಂತ. ಕೇಳುವಾಗ ತಪ್ಪಾಗುವುದಿಲ್ಲ, ವಾಟ್ಸಾಪಿನಲ್ಲಿ ಒಂದು ಗುಣಿಸು ತಪ್ಪಿದರೆ ಮಾಲು ದಾರಿಯಲ್ಲಿದೆ ಅಂತ ಗಿರಾಕಿ ತಿಳಿದಾನು. ‘ನಾವು’ ಅಂತ ಬರೆಯುವ ಕಡೆ ಈ ರೂಪ ಬಿಟ್ಟು, ಕಾಗದ ಬಂದೀತು, ಕೆಲಸ ಮುಗಿದೀತು ಅಂತ ವಸ್ತುವಿನ ಮಾತಿಗೆ ಮಾತ್ರ ಇಟ್ಟುಕೊಂಡರೆ ಈ ತೊಂದರೆ ಇಲ್ಲ.

‘ಲಾಗುವುದು’ ಬಗ್ಗೆಯೂ ಒಂದು ಮಾತು. ಇದು ಮರ್ಯಾದೆಯ ರೂಪ ಅಂತ ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಮರ್ಯಾದೆ ಏನೂ ಇಲ್ಲ, ಮಾಡುವವರು ಯಾರು ಅನ್ನುವುದನ್ನು ಮುಚ್ಚಿಡುತ್ತದೆ ಅಷ್ಟೇ. “ತಲುಪಿಸಲಾಗುವುದು” ಅಂದಾಗ ಕಾಗದದ ಡೀಲರ್, ಪ್ರೂಫ್ ನೋಡುವವರು, ಪ್ರೆಸ್ಸಿನವರು, ಲಾರಿಯವರು ಎಲ್ಲರೂ ಮರೆಯಾಗುತ್ತಾರೆ. ಕೊನೆಗೆ ಕೆಳಗೆ ಸಹಿ ಹಾಕಿದವರು ಒಬ್ಬರೇ ಉಳಿಯುತ್ತಾರೆ. ‘ನಾವು’, ‘ನೀವು’ ಅಂತ ಬರೆಯಲು ಶುರು ಮಾಡಿ. ಯಾವ ಕೆಲಸ ಯಾರ ಕೈಯಲ್ಲಿದೆ ಅಂತ ಬರೆಯುವಾಗಲೇ ನಿಮಗೆ ಕಾಣುತ್ತದೆ.

ಇನ್ನೊಂದು ಗುಂಡಿ ಇದೆ. ಬರೀ “ಪ್ರಯತ್ನಿಸುತ್ತೇವೆ” ಚಂದ ಕಾಣುವುದಿಲ್ಲ ಅಂತ ಕೆಲವರು ಅದಕ್ಕೆ ಅಲಂಕಾರ ಮಾಡುತ್ತಾರೆ. “ಶಕ್ತಿಮೀರಿ ಪ್ರಯತ್ನಿಸುತ್ತೇವೆ”, “ಎಲ್ಲ ರೀತಿಯ ಪ್ರಯತ್ನ ಮಾಡುತ್ತೇವೆ” ಅಂತ. ತಾರೀಖಿಗೆ ಮಾತು ಕೊಟ್ಟಿಲ್ಲವಲ್ಲ ಅಂತ ಅವರಿಗೆ ಧೈರ್ಯ. ಆದರೆ ಪ್ರಯತ್ನಕ್ಕೇ ಮಾತು ಕೊಟ್ಟ ಹಾಗಾಯಿತು! ನಾಳೆ ಸಂಘದವರು ಕೇಳಬಹುದು: ಕಾಗದ ತಡವಾದಾಗ ಹುಬ್ಬಳ್ಳಿಯಿಂದ ಜಾಸ್ತಿ ದರ ಕೊಟ್ಟು ತರಿಸಿದಿರಾ? ರಾತ್ರಿ ಪಾಳಿ ಓಡಿಸಿದಿರಾ? ಭಾನುವಾರ ಮಷೀನ್ ನಡೆಸಿದಿರಾ? ಇದ್ಯಾವುದನ್ನೂ ಮಾಡುವ ಯೋಚನೆ ನಿಮ್ಮ ಮಾಲೀಕರಿಗೆ ಇರಲಿಲ್ಲ. ಅವರು ಹೇಳಿದ ‘ನೋಡ್ತೇವಿ’ಯಲ್ಲಿ ಮಾಮೂಲು ಪಾಳಿ, ಮಾಮೂಲು ಡೀಲರ್ ಅಷ್ಟೇ ಇದ್ದದ್ದು. ‘ಖಂಡಿತ’, ‘ತಪ್ಪದೇ’ ಕೂಡ ಇದೇ ಜಾತಿ. ಹೇಳಿದವರ ಬಾಯಲ್ಲಿ ಇರಲಿಲ್ಲ ಅಂದರೆ ನೀವು ಸೇರಿಸಬೇಡಿ.

ಇದರ ಉಲ್ಟಾ ತಪ್ಪೂ ಆಗುತ್ತದೆ. ಇಷ್ಟು ಓದಿ ಹೆದರಿ, ಎಲ್ಲದಕ್ಕೂ ‘ಅಂದಾಜು’, ‘ಸಾಧ್ಯವಾದರೆ’ ಅಂತ ಹಚ್ಚಬೇಡಿ. ಪ್ರೂಫ್ ಕಂಪ್ಯೂಟರಿನಲ್ಲಿ ತಯಾರಾಗಿ ಕೂತಿದೆ, ಬೆಳಿಗ್ಗೆ ಕಳಿಸುವುದಷ್ಟೇ ಬಾಕಿ. ಆಗಲೂ ಮಾಲೀಕರು ರೂಢಿಯಿಂದ “ನಾಳೆ ಕಳಸಾಕ ನೋಡ್ತೇವಿ” ಅನ್ನುತ್ತಾರೆ. ಅಲ್ಲಿ ಬಾಲ ಕತ್ತರಿಸಬಹುದು, ಕತ್ತರಿಸಲೇಬೇಕು. ಆದರೆ ಕೇಳಿ ಕತ್ತರಿಸಿ. “ಪ್ರೂಫ್ ರೆಡಿ ಐತ್ರಿ, ನಾಳೆ ಹತ್ತಕ್ಕ ಕಳಿಸ್ತೇವಿ ಅಂತ ಬರಿಲ್ಯಾ?” ಅಂತ ಕೇಳಿದರೆ ಅವರು ಹ್ಞೂಂ ಅನ್ನುತ್ತಾರೆ. ನಿಜವಾಗಿ ಅನುಮಾನ ಇರುವ ಒಂದು ಕಡೆ ಮಾತ್ರ ಅನುಮಾನ ಬರೆದರೆ ಓದುವವರು ಅದನ್ನು ಗಮನಿಸುತ್ತಾರೆ. ಎಲ್ಲಾ ವಾಕ್ಯಕ್ಕೂ ಅಂಟಿಸಿದರೆ ಯಾವುದನ್ನೂ ಗಮನಿಸುವುದಿಲ್ಲ.

ಪತ್ರ ಬರೆದಾದ ಮೇಲೆ ನಾನು ಒಂದು ಕೆಲಸ ಮಾಡುತ್ತೇನೆ. ಹೇಳಿದವರ ಮಾತನ್ನು ಅವರದೇ ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡಿರುತ್ತೇನೆ, ಬಾಲ ಸಮೇತ. ಅದರ ಪಕ್ಕದಲ್ಲಿ ಪತ್ರ ಇಟ್ಟು, ಎರಡರಲ್ಲೂ ವಾಕ್ಯದ ಕೊನೆಯ ಪದಗಳನ್ನು ಮಾತ್ರ ಓದುತ್ತೇನೆ. ಚೀಟಿಯಲ್ಲಿ ‘ನೋಡ್ತೇವಿ’, ಪತ್ರದಲ್ಲಿ ‘ಲಾಗುವುದು’ ಅಂತ ಇದ್ದರೆ ಅಲ್ಲೇ ಸಿಕ್ಕಿಬಿತ್ತು. ಆಮೇಲೆ ಚೀಟಿಯಲ್ಲಿ ‘ಬಂದ್ರ’, ‘ಆದ್ರ’, ‘ಕೊಟ್ರ’ ಎಷ್ಟಿವೆ ಅಂತ ಎಣಿಸಿ, ಪತ್ರದಲ್ಲಿ ಅಷ್ಟೂ ಇವೆಯೋ ನೋಡುತ್ತೇನೆ. ಷರತ್ತುಗಳು ಕಳೆದುಹೋಗುವುದು ಹೆಚ್ಚಾಗಿ ಉದ್ದ ವಾಕ್ಯವನ್ನು ಚಿಕ್ಕದು ಮಾಡುವಾಗ. ಇದಕ್ಕೆ ವ್ಯಾಕರಣ ಗೊತ್ತಿರಬೇಕಿಲ್ಲ, ಐದು ನಿಮಿಷ ಬೇಕು. ಹಾಗೇ ನಿಮ್ಮ ಕೊಟೇಶನ್ನಿನ ಕೆಳಗೆ ಒಂಬತ್ತು ದಿನದ ಮಾತು ಅಚ್ಚಾಗಿದೆಯೋ ನೋಡಿ. ಅಲ್ಲಿ ಒಂದು, ಪತ್ರದಲ್ಲಿ ಇನ್ನೊಂದು ಇದ್ದರೆ ಗಿರಾಕಿ ತನಗೆ ಅನುಕೂಲ ಆಗುವುದನ್ನೇ ಹಿಡಿಯುತ್ತಾನೆ.

ಈಗ ಹಣ ಹಿಡಿಯುವ ವಿಷಯ. ನಾನು ವಕೀಲ ಅಲ್ಲ. ಆದರೆ ಪತ್ರ ಬರೆಯುವವರು ಇಷ್ಟು ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಂ ಇರುವುದೇ ಹೇಳಿದ ಹೊತ್ತಿಗೆ ಕೆಲಸ ಆಗದಿದ್ದರೆ ಏನು ಅನ್ನುವುದಕ್ಕೆ. ಆ ಕರಾರಿನಲ್ಲಿ ಹೊತ್ತೇ ಮುಖ್ಯ ಅಂತ ಎರಡೂ ಕಡೆಯವರ ಉದ್ದೇಶ ಇದ್ದರೆ, ತಡವಾದಾಗ ಎದುರಿನವರು ಕರಾರನ್ನೇ ಬಿಡಬಹುದು. ಹಾಗೆ ಉದ್ದೇಶ ಇರಲಿಲ್ಲವಾದರೆ ಕರಾರು ಬಿಡಲು ಬರುವುದಿಲ್ಲ, ತಡದಿಂದ ಆದ ನಷ್ಟ ಕೇಳಬಹುದು. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಹೊತ್ತು ಮುಖ್ಯವಾಗಿದ್ದೂ ತಡವಾಗಿ ಬಂದ ಮಾಲನ್ನು ಒಪ್ಪಿಕೊಂಡರೆ, ಒಪ್ಪಿಕೊಳ್ಳುವಾಗಲೇ ನಷ್ಟ ಕೇಳುತ್ತೇವೆ ಅಂತ ತಿಳಿಸಿರಬೇಕು, ಆಮೇಲೆ ಕೇಳಲು ಬರುವುದಿಲ್ಲ. ಹಾಗಾಗಿ 24ರಂದು ಮಾಲು ಇಳಿಸಿಕೊಂಡಾಗ ಸಂಘದವರು ಚಲನ್ ಮೇಲೆ ಏನಾದರೂ ಬರೆದಿದ್ದಾರಾ, ಮೆಸೇಜ್ ಕಳಿಸಿದ್ದಾರಾ ಅಂತ ಮೊದಲು ಹುಡುಕಿ. ಪ್ರೂಫ್ ನೀವು ಕಳಿಸಿದ ದಿನ, ವಾಪಸ್ ಬಂದ ದಿನ, ಎರಡಕ್ಕೂ ಪುರಾವೆ ತೆಗೆದಿಡಿ. ಮೊತ್ತ ದೊಡ್ಡದಿದ್ದರೆ ವಕೀಲರಿಗೆ ತೋರಿಸಿ. ಚಿಕ್ಕದಿದ್ದರೆ ಮಾಲೀಕರೇ ಹಾವೇರಿಗೆ ಹೋಗಿ ಎದುರು ಕೂತು ಮಾತಾಡುವುದು ಒಳ್ಳೆಯದು. ಮುಂದಿನ ವರ್ಷವೂ ಅವರಿಗೆ ಕ್ಯಾಲೆಂಡರ್ ಬೇಕಲ್ಲ.

ಅದಕ್ಕೂ ಮುಂಚೆ ನೀವು ಒಂದು ಪತ್ರ ಬರೆಯಬೇಕಾಗಬಹುದು. ಅದರಲ್ಲಿ ನಡೆದದ್ದನ್ನು ತಾರೀಖು ಹಾಕಿ ಬರೆಯಿರಿ. ನಿಮ್ಮ ಮೊದಲ ಪತ್ರದಲ್ಲಿ ಪ್ರೂಫಿನ, ಕಾಗದದ ಷರತ್ತು ಬಿಟ್ಟುಹೋಗಿತ್ತು ಅಂತ ಒಪ್ಪಿಕೊಳ್ಳಿ. ಆದರೆ ಇದನ್ನು ಮಾಲೀಕರು, ಬೇಕಾದರೆ ವಕೀಲರು, ನೋಡಿದ ಮೇಲೆಯೇ ಕಳಿಸಿ. ಬರೆಯುತ್ತಾ ಕೊನೆಗೆ ಬಂದಾಗ ನಿಮ್ಮ ಕೈ ತಾನಾಗಿ “ಮುಂದೆ ಇಂಥ ತಪ್ಪು ಆಗದಂತೆ ನೋಡಿಕೊಳ್ಳಲಾಗುವುದು” ಅಂತ ಬರೆಯಲು ಹೋಗುತ್ತದೆ. ತಡೆಯಿರಿ. ಮುಂದಿನ ವರ್ಷ ಕಾಗದ ಯಾವತ್ತು ಬರುತ್ತದೆ ಅಂತ ನಿಮಗೂ ಗೊತ್ತಿಲ್ಲ, ನಿಮ್ಮ ಮಾಲೀಕರಿಗೂ ಗೊತ್ತಿಲ್ಲ. “ಮುಂದಿನ ಆರ್ಡರಿನಿಂದ, ಪ್ರೂಫ್ ಯಾವ ದಿನದೊಳಗೆ ಬರಬೇಕು ಎಂಬುದನ್ನು ಮೊದಲ ಪತ್ರದಲ್ಲೇ ಬರೆಯುತ್ತೇವೆ” ಅಂತ ಬರೆಯಿರಿ. ಅದು ನಿಮ್ಮ ಕೈಯಲ್ಲೇ ಇರುವ ಕೆಲಸ.